ಎರಡೂವರೆ ಕಿಲೋದ ಚಿಪ್ಸ್ ಪೆಟ್ಟಿಗೆಗೆ ನಾಲ್ಕೂವರೆ ಕಿಲೋದ ಬಿಲ್ಲು: ಅಳತೆ ಎಲ್ಲಿ ಬೆಳೆಯಿತು?

ನೇಂದ್ರಗೊನೆ, ನೀರ್ಚಾಲು

ಎಲ್ಲರಿಗೂ ನಮಸ್ಕಾರ. ನಾವು ಮನೆಯಲ್ಲೇ ನೇಂದ್ರ ಬಾಳೆಕಾಯಿಯ ಚಿಪ್ಸ್ ಕಾಯಿಸಿ ಬೆಂಗಳೂರಿನ ಗಿರಾಕಿಗಳಿಗೆ ಕೊರಿಯರಿನಲ್ಲಿ ಕಳುಹಿಸುತ್ತೇವೆ. ಒಂದು ಪೆಟ್ಟಿಗೆಯಲ್ಲಿ 200 ಗ್ರಾಂನ ಹತ್ತು ಪೌಚ್‌ಗಳು ಇರುತ್ತವೆ. ಪೌಚು, ಪೆಟ್ಟಿಗೆ, ಟೇಪು ಎಲ್ಲ ಸೇರಿ ನಮ್ಮ ತಕ್ಕಡಿಯಲ್ಲಿ 2 ಕಿಲೋ 480 ಗ್ರಾಂ ತೋರಿಸಿದ ಪೆಟ್ಟಿಗೆಗೆ ಈ ಸಲ 4.5 ಕಿಲೋ ಎಂದು ಬಿಲ್ಲು ಬಂದಿದೆ. ನಮಗೆ ಮೊದಲ ಅರ್ಧ ಕಿಲೋಗೆ 60 ರೂಪಾಯಿ, ಅನಂತರದ ಪ್ರತಿ ಅರ್ಧ ಕಿಲೋಗೆ 45 ರೂಪಾಯಿ ದರವಿದ್ದು, ಇಂಧನದ ಶುಲ್ಕ ಅದರಲ್ಲೇ ಸೇರಿದೆ. ಹಾಗಾಗಿ ತಕ್ಕಡಿಯ ತೂಕಕ್ಕೆ 240 ರೂಪಾಯಿ ಆಗಬೇಕಾದದ್ದು 420 ಆಗಿದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ.

ಗಾತ್ರದ ಲೆಕ್ಕದಲ್ಲಿ ತೂಕ ಹಾಕುತ್ತಾರೆ ಎಂಬುದು ನನಗೆ ತಿಳಿದಿದೆ. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಬೇಕು ಎಂದು ಒಪ್ಪಂದದ ಹಾಳೆಯಲ್ಲೇ ಇದೆ. ನಾನು ಕೊಂಡದ್ದು 30 × 25 × 20 ಸೆಂಟಿಮೀಟರಿನ, ಐದು ಕಾಗದದ ಪದರಗಳ ಅಂದರೆ ಐದು ಪ್ಲೈ ರಟ್ಟಿನ ಪೆಟ್ಟಿಗೆಯಾದ್ದರಿಂದ 15000 ಘನ ಸೆಂಟಿಮೀಟರ್, ಅಂದರೆ ಸರಿಯಾಗಿ 3 ಕಿಲೋ ಬರಬೇಕು. ಆದರೆ ಬಿಲ್ಲಿನಲ್ಲಿ 32 × 27 × 24 ಎಂದು ಬರೆದಿದ್ದಾರೆ. ಪೆಟ್ಟಿಗೆ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಬೆಳೆಯಿತೇ?

ಉಪ್ಪಳ ಗೇಟು

ಅಕ್ಕಾ, ಇದರಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದಾಗಿ ಅವರು ಅಳತೆಯನ್ನೇ ಹೆಚ್ಚಿಸಿದ್ದಾರೆ. ಎರಡನೆಯದಾಗಿ ಗಾತ್ರದ ತೂಕಕ್ಕೆ ಅಂತಾರಾಷ್ಟ್ರೀಯ ನಿಯಮದಲ್ಲಿ 6000ದಿಂದ ಭಾಗಿಸಬೇಕು, 5000ದಿಂದ ಅಲ್ಲ. ನಿಮ್ಮ 15000ವನ್ನು 6000ದಿಂದ ಭಾಗಿಸಿದರೆ 2.5 ಕಿಲೋ ಬರುತ್ತದೆ, ಅದು ನಿಮ್ಮ ನಿಜವಾದ ತೂಕಕ್ಕೂ ಹೊಂದುತ್ತದೆ. ನಾನಾಗಿದ್ದರೆ ಉಳಿದ ಹಣವನ್ನು ವಾಪಸು ಕೇಳಿ ಪತ್ರ ಬರೆಯುತ್ತಿದ್ದೆ.

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

6000 ಎಂಬ ಸಂಖ್ಯೆ ಇರುವುದು ನಿಜ, ಆದರೆ ಅದು ವಿಮಾನ ಸರಕಿನ ಲೆಕ್ಕ. ವಿಮಾನ ಸಂಸ್ಥೆಯ ರಸೀತಿಯ ಮೇಲೆ ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವ ಸರಕಿಗೆ ಅದನ್ನು ಬಳಸುತ್ತಾರೆ. ಮನೆ ಬಾಗಿಲಿಗೆ ಮುಟ್ಟಿಸುವ ಎಕ್ಸ್‌ಪ್ರೆಸ್ ಕೊರಿಯರಿನವರು ಸಾಮಾನ್ಯವಾಗಿ 5000 ಇಟ್ಟುಕೊಂಡಿರುತ್ತಾರೆ, ಕೆಲವರು ಅದಕ್ಕಿಂತ ಚಿಕ್ಕ ಸಂಖ್ಯೆಯನ್ನೂ ಇಡುತ್ತಾರೆ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಬರುವ ಕಿಲೋ ದೊಡ್ಡದಾಗುವುದರಿಂದ, ದರಪಟ್ಟಿ ಕೈಗೆ ಬಂದಾಗ ರೂಪಾಯಿಯನ್ನು ನೋಡುವ ಮೊದಲು ಆ ಸಂಖ್ಯೆಯನ್ನು ನೋಡಬೇಕು. ಅಕ್ಕ ಸಹಿ ಹಾಕಿದ ಹಾಳೆಯಲ್ಲಿ 5000 ಇದೆ ಎಂದ ಮೇಲೆ ಆ ವಾದ ನಿಲ್ಲುವುದಿಲ್ಲ.

ಅಳತೆಯ ವಿಚಾರಕ್ಕೆ ಬಂದರೆ, ಪೆಟ್ಟಿಗೆ ದಾರಿಯಲ್ಲಿ ಬೆಳೆಯಲಿಲ್ಲ, ನೀರ್ಚಾಲಿನಿಂದ ಹೊರಡುವಾಗಲೇ ಅಷ್ಟಿತ್ತು. ಪೆಟ್ಟಿಗೆ ಮಾರುವವರು ಹೇಳುವ 30 × 25 × 20 ಎಂಬುದು ಒಳಗಿನ ಅಳತೆ, ಏಕೆಂದರೆ ಕೊಳ್ಳುವವರಿಗೆ ಒಳಗೆ ಎಷ್ಟು ಹಿಡಿಯುತ್ತದೆ ಎಂಬುದು ಮುಖ್ಯ. ಕೊರಿಯರಿನವರು ಅಳೆಯುವುದು ಹೊರಮೈಯನ್ನು. ಐದು ಪ್ಲೈ ರಟ್ಟು ಸುಮಾರು 7 ಮಿಲಿಮೀಟರ್ ದಪ್ಪ ಇರುತ್ತದೆ. ಉದ್ದಕ್ಕೆ ಎರಡು ಗೋಡೆ, ಅಗಲಕ್ಕೆ ಎರಡು ಗೋಡೆ ಸೇರಿದರೆ ತಲಾ 1.4 ಸೆಂಟಿಮೀಟರ್ ಹೆಚ್ಚುತ್ತದೆ. ಎತ್ತರದ ಮಾತು ಬೇರೆ. ತಳದಲ್ಲಿ ಒಂದರ ಮೇಲೊಂದು ಎರಡು ಪದರ ಮಡಿಕೆ, ತಲೆಯಲ್ಲಿಯೂ ಎರಡು ಪದರ ಮಡಿಕೆ ಇರುವುದರಿಂದ ಅಲ್ಲಿ ನಾಲ್ಕು ದಪ್ಪ ಸೇರಿ 2.8 ಸೆಂಟಿಮೀಟರ್ ಹೆಚ್ಚುತ್ತದೆ. ಅಂದರೆ ನಿಮ್ಮ ಪೆಟ್ಟಿಗೆಯ ಹೊರಮೈ 31.4 × 26.4 × 22.8. ಏನನ್ನೂ ಸುತ್ತಿಸದೆ ಲೆಕ್ಕ ಹಾಕಿದರೂ ಅದು 3.78 ಕಿಲೋ, ಅರ್ಧ ಕಿಲೋದ ಸ್ಲ್ಯಾಬಿನಲ್ಲಿ 4 ಕಿಲೋ ಆಗುತ್ತದೆ. ರಟ್ಟಿನ ದಪ್ಪವೊಂದೇ ನಿಮ್ಮ 3 ಕಿಲೋವನ್ನು 4 ಮಾಡಿತು.

ನೇಂದ್ರಗೊನೆ, ನೀರ್ಚಾಲು

ಮಾಷ್ಟ್ರೇ, ಇದನ್ನು ಓದಿದ ಮೇಲೆ ಖಾಲಿ ಪೆಟ್ಟಿಗೆಯೊಂದನ್ನು ಟೇಪು ಹಚ್ಚಿ ಅಳೆದು ನೋಡಿದೆ, ನೀವು ಹೇಳಿದಷ್ಟೇ ಇದೆ. ಆದರೆ ಬಿಲ್ಲಿನಲ್ಲಿ ಎತ್ತರ 24 ಎಂದಿದೆ. 22.8ಕ್ಕೂ 24ಕ್ಕೂ ನಡುವಿನ ಅಂತರ ಎಲ್ಲಿಂದ ಬಂತು?

ಅಬುಧಾಬಿ ಚಂದ್ರಗಿರಿ

ನಾನು ಊರಿಗೆ ಬರುವಾಗ ಎರಡು ರಟ್ಟಿನ ಪೆಟ್ಟಿಗೆಗಳನ್ನು ಕಟ್ಟಿ ವಿಮಾನದಲ್ಲಿ ಹಾಕುತ್ತೇನೆ, ಮಂಗಳೂರಿಗೂ ಕಣ್ಣೂರಿಗೂ ಹಾಕಿದ್ದೇನೆ. ಅಲ್ಲಿ ತಕ್ಕಡಿಯ ತೂಕವನ್ನಷ್ಟೇ ನೋಡುತ್ತಾರೆ, ಯಾರೂ ಅಗಲವನ್ನು ಗುಣಿಸುವುದಿಲ್ಲ. ವಿಮಾನದಲ್ಲೇ ಇಲ್ಲದ ನಿಯಮ ಬೆಂಗಳೂರಿಗೆ ಹೋಗುವ ವ್ಯಾನಿಗೆ ಏಕೆ ಎಂಬುದು ನನಗೆ ಅರ್ಥವಾಗುವುದಿಲ್ಲ. ಇದು ಗಿರಾಕಿಯನ್ನು ಸುಲಿಯುವ ಉಪಾಯವಲ್ಲದೆ ಇನ್ನೇನು?

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ಚಂದ್ರಗಿರಿಯವರೇ, ನೀವು ಹೇಳುತ್ತಿರುವುದು ಪ್ರಯಾಣಿಕರ ಲಗೇಜು. ಅಲ್ಲಿ ತೂಕಕ್ಕೆ ಒಂದು ಮಿತಿ, ಅಳತೆಗೆ ಬೇರೆ ಮಿತಿ ಇರುತ್ತದೆ. ಉದ್ದ, ಅಗಲ, ಎತ್ತರಗಳನ್ನು ಗುಣಿಸದೆ ಕೂಡಿಸಿ ನೋಡುತ್ತಾರೆ, ಬಹಳಷ್ಟು ಸಂಸ್ಥೆಗಳಲ್ಲಿ ಆ ಮೊತ್ತ 158 ಸೆಂಟಿಮೀಟರ್ ಮೀರಬಾರದು. ಅದೇ ಪೆಟ್ಟಿಗೆಯನ್ನು ನೀವು ಜೊತೆಗೆ ಬಾರದೆ ಸರಕಾಗಿ ಕಳುಹಿಸಿದರೆ ಅಲ್ಲಿಯೂ ಗುಣಿಸುತ್ತಾರೆ. ವ್ಯಾನಿನ ವಿಷಯ ಸರಳವಾಗಿದೆ: ಚಿಪ್ಸ್ ತುಂಬಿದ ವ್ಯಾನು ಜಾಗ ಮುಗಿದು ನಿಲ್ಲುತ್ತದೆಯೇ ಹೊರತು ಭಾರ ತಾಳದೆ ನಿಲ್ಲುವುದಿಲ್ಲ. ಹಾಗಾಗಿ ತಕ್ಕಡಿಯ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ.

ಅಕ್ಕನ ಪ್ರಶ್ನೆಗೆ ಬರುತ್ತೇನೆ. ಬಿಲ್ಲಿನಲ್ಲಿರುವ ಮೂರೂ ಅಂಕಿಗಳು ಪೂರ್ಣ ಸಂಖ್ಯೆಗಳಾಗಿರುವುದನ್ನು ಗಮನಿಸಿ. 31.4 ಎಂಬುದು 32 ಆಗಿದೆ, 26.4 ಎಂಬುದು 27 ಆಗಿದೆ. ಅಂದರೆ ಅವರು ಪ್ರತಿಯೊಂದು ಬದಿಯನ್ನೂ ಮೇಲಿನ ಪೂರ್ಣ ಸೆಂಟಿಮೀಟರಿಗೆ ಏರಿಸುತ್ತಿದ್ದಾರೆ. ಆ ಕ್ರಮದಲ್ಲಿ ನಿಮ್ಮ 22.8 ಎತ್ತರವು 23 ಆಗಿ, 32 × 27 × 23 ಅಂದರೆ 19872 ಘನ ಸೆಂಟಿಮೀಟರ್, 3.97 ಕಿಲೋ ಬರಬೇಕಿತ್ತು. ಅಲ್ಲಿಗೆ 4 ಕಿಲೋದ ಸ್ಲ್ಯಾಬು ಅಂಚಿನಲ್ಲಿ ಉಳಿಯುತ್ತಿತ್ತು. ಆದರೆ ಪೌಚ್‌ಗಳಲ್ಲಿ ಗಾಳಿ ಇರುತ್ತದೆ, ಮುಚ್ಚಳವನ್ನು ಒತ್ತಿ ಟೇಪು ಹಚ್ಚಿದರೂ ನಡುಭಾಗ ಸ್ವಲ್ಪ ಉಬ್ಬುತ್ತದೆ. ಅಳೆಯುವಾಗ ಅತಿ ಎತ್ತರದ ಬಿಂದುವೇ ಲೆಕ್ಕಕ್ಕೆ ಬರುತ್ತದೆ. ಉಬ್ಬು ಅರ್ಧ ಸೆಂಟಿಮೀಟರ್ ಇದ್ದರೂ 22.8 ಎಂಬುದು 23.3 ಆಗಿ, ಏರಿಸಿದಾಗ 24 ಆಗುತ್ತದೆ. 32 × 27 × 24 ಎಂದರೆ 20736, ಅಂದರೆ 4.15 ಕಿಲೋ, ಆದ್ದರಿಂದ 4.5ರ ಸ್ಲ್ಯಾಬು.

ಉಪ್ಪಳ ಗೇಟು

ಉಬ್ಬುವುದೇ ತೊಂದರೆಯಾದರೆ ಘನಾಕಾರದ ಪೆಟ್ಟಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಮೂರೂ ಬದಿಗಳು ಸಮನಾಗಿದ್ದರೆ ಗಾತ್ರದ ತೂಕ ಅತಿ ಕಡಿಮೆ ಬರುತ್ತದೆ ಎಂದು ಓದಿದ್ದೇನೆ.

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ಘನಾಕಾರದಲ್ಲಿ ಕಡಿಮೆಯಾಗುವುದು ರಟ್ಟು. ಅದೇ ಗಾತ್ರಕ್ಕೆ ಕಡಿಮೆ ರಟ್ಟು ಸಾಕು, ಪೆಟ್ಟಿಗೆಯ ಬೆಲೆ ಸ್ವಲ್ಪ ಇಳಿಯಬಹುದು. ಗುಣಲಬ್ಧಕ್ಕೆ ಆಕಾರದ ಗೊಡವೆ ಇಲ್ಲ, 15000 ಎಂದರೆ ಚಪ್ಪಟೆಯಾದರೂ ಘನವಾದರೂ 15000ವೇ. ಆದರೂ ನಿಮ್ಮ ಮಾತಿನಲ್ಲಿ ಒಂದು ಸತ್ಯವಿದೆ. ಬದಿಗಳನ್ನು ಏರಿಸುವ ಕಂಪೆನಿಯಲ್ಲಿ ಚಪ್ಪಟೆ ಪೆಟ್ಟಿಗೆಗೆ ಹೆಚ್ಚು ಪೆಟ್ಟು ಬೀಳುತ್ತದೆ. 5.1 ಸೆಂಟಿಮೀಟರ್ ದಪ್ಪದ ಪೆಟ್ಟಿಗೆ 6 ಎಂದಾದರೆ ಗಾತ್ರದ ತೂಕ ಸುಮಾರು ಶೇಕಡಾ 18ರಷ್ಟು ಏರಿದಂತೆ.

ಇದನ್ನು ಮನಸ್ಸಿನಲ್ಲಿ ಹಿಡಿಯಲು ನಾನು ಬಳಸುವ ಕ್ರಮ ಹೀಗಿದೆ. ಯಾವುದಾದರೂ ಒಂದು ಬದಿಯಲ್ಲಿ ಒಂದು ಸೆಂಟಿಮೀಟರ್ ಹೆಚ್ಚಿದರೆ ಎಷ್ಟು ಕಿಲೋ ಏರುತ್ತದೆ ಎಂದು ತಿಳಿಯಲು ಉಳಿದ ಎರಡು ಬದಿಗಳನ್ನು ಗುಣಿಸಿ 5000ದಿಂದ ಭಾಗಿಸುತ್ತೇನೆ. ಅಕ್ಕನ ಪೆಟ್ಟಿಗೆಯಲ್ಲಿ ಉದ್ದ ಒಂದು ಸೆಂಟಿಮೀಟರ್ ಬೆಳೆದರೆ 27 × 23, ಅಂದರೆ ಸುಮಾರು 125 ಗ್ರಾಂ. ಎತ್ತರ ಒಂದು ಸೆಂಟಿಮೀಟರ್ ಬೆಳೆದರೆ 32 × 27, ಅಂದರೆ ಸುಮಾರು 173 ಗ್ರಾಂ. ಅತಿ ದುಬಾರಿಯಾಗಿರುವುದು ಎತ್ತರವೇ, ಮಡಿಕೆಗಳು ನಾಲ್ಕು ಪದರವಾಗಿ ಕೂರುವುದೂ ಅಲ್ಲೇ, ಉಬ್ಬುವುದೂ ಅಲ್ಲೇ. ಪೆಟ್ಟಿಗೆಯ ಅತಿ ದೊಡ್ಡ ಮುಖ ಮುಚ್ಚಳವಾಗಿರುವಾಗ ಎಲ್ಲ ನಷ್ಟವೂ ಒಂದೇ ಕಡೆ ಸೇರುತ್ತದೆ.

ಹೊಸಂಗಡಿ ಲಾರಿ ಆಫೀಸು

ನಾವು ಪಾರ್ಸೆಲ್ ಲಾರಿಯವರು ಇದನ್ನು ಇಂಚಿನಲ್ಲಿ ಮಾಡುತ್ತೇವೆ. ಮೂರು ಬದಿಗಳನ್ನು ಇಂಚಿನಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಒಂದು ಘನ ಅಡಿಗೆ ಆರು ಕಿಲೋ, ಎಂಟು ಕಿಲೋ ಅಥವಾ ಹತ್ತು ಕಿಲೋ ಎಂದು ಒಪ್ಪಂದದಲ್ಲಿ ಇಡುತ್ತಾರೆ. ಅಕ್ಕನ ಪೆಟ್ಟಿಗೆ ಸುಮಾರು 0.73 ಘನ ಅಡಿಯಾದ್ದರಿಂದ ಆರರ ಲೆಕ್ಕದಲ್ಲಿ 4.4 ಕಿಲೋ, ಹತ್ತರ ಲೆಕ್ಕದಲ್ಲಿ 7.3 ಕಿಲೋ ಬರುತ್ತದೆ. ಕಿಲೋ ಹೆಚ್ಚು ಕಂಡರೂ ನಮ್ಮಲ್ಲಿ ಕಿಲೋದ ದರ ಕಡಿಮೆ. ಆದರೆ ಕನಿಷ್ಠ ತೂಕ ಎಂಬುದೊಂದು ಇರುವುದರಿಂದ ಒಂದೇ ಒಂದು ಪೆಟ್ಟಿಗೆ ಹಾಕುವವರಿಗೆ ಇದು ಗಿಟ್ಟುವುದಿಲ್ಲ. ಒಂದೇ ವಿಳಾಸದ ಅಂಗಡಿಗೆ ಏಳೆಂಟು ಪೆಟ್ಟಿಗೆ ಒಟ್ಟಿಗೆ ಹೋಗುವುದಾದರೆ ಕೇಳಿ ನೋಡಬಹುದು.

ಹಾಳೆ ತಟ್ಟೆ, ಮುಳ್ಳೇರಿಯ

ನನ್ನದೂ ಇದೇ ಕಥೆಯಾದ್ದರಿಂದ ನಡುವೆ ಬರುತ್ತಿದ್ದೇನೆ. ನಾನು ಅಡಿಕೆ ಹಾಳೆಯ ಹತ್ತಿಂಚಿನ ದುಂಡನೆಯ ತಟ್ಟೆಗಳನ್ನು ಕಳುಹಿಸುತ್ತೇನೆ. ಒಂದರೊಳಗೊಂದು ಕೂರಿಸಿದರೂ ಹಾಳೆ ಸ್ವಲ್ಪ ಸೊಟ್ಟಗಿರುವುದರಿಂದ ಅಟ್ಟಿ ಎತ್ತರವಾಗುತ್ತದೆ. ಪೆಟ್ಟಿಗೆಯ ಹೊರಮೈ 27 × 27. ಮಾಷ್ಟ್ರು ಹೇಳಿದ ಕ್ರಮದಲ್ಲಿ ನೋಡಿದರೆ ಅಟ್ಟಿ ಒಂದೊಂದು ಸೆಂಟಿಮೀಟರ್ ಏರಿದಂತೆ ಸುಮಾರು 146 ಗ್ರಾಂ ಏರುತ್ತದೆ. ಇಪ್ಪತ್ತೈದರ ಕಟ್ಟುಗಳನ್ನು ಮಾಡಿ, ಮೇಲೆ ಹಲಗೆ ಇಟ್ಟು ಒತ್ತಿ, ಬಿಗಿಯಾಗಿ ಹಗ್ಗ ಕಟ್ಟಿ ಪೆಟ್ಟಿಗೆಗೆ ಇಳಿಸಲು ತೊಡಗಿದ ಮೇಲೆ ಎತ್ತರ ಕಣ್ಣಿಗೆ ಕಾಣುವಷ್ಟು ತಗ್ಗಿದೆ. ಆದರೆ ದುಂಡನೆಯ ತಟ್ಟೆಗಾಗಿ ಚೌಕ ಪೆಟ್ಟಿಗೆಯ ನಾಲ್ಕು ಮೂಲೆಗಳಿಗೂ ಹಣ ಕೊಡಬೇಕಾಗಿದೆಯಲ್ಲ, ಅದಕ್ಕೇನು ದಾರಿ?

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ದಾರಿ ಇಲ್ಲ ಅಣ್ಣಾ. ಚೌಕದೊಳಗೆ ವೃತ್ತ ಇಟ್ಟರೆ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಜಾಗ ಮೂಲೆಗಳಿಗೆ ಹೋಗುತ್ತದೆ. ಪೆಟ್ಟಿಗೆ ಇಲ್ಲದೆ ದುಂಡಗೆ ಸುತ್ತಿ ಕಳುಹಿಸಿದರೂ ಅವರು ಅದನ್ನು ಚೌಕವೆಂದೇ ಅಳೆಯುತ್ತಾರೆ. ಆ ಮೂಲೆಗಳಲ್ಲಿ ಹಾಳೆಯ ಚಮಚವೋ ಸಣ್ಣ ದೊನ್ನೆಯೋ ಹಿಡಿಸುವಂತಿದ್ದರೆ, ಗಾತ್ರದ ತೂಕಕ್ಕಿಂತ ತಕ್ಕಡಿಯ ತೂಕ ಕೆಳಗಿರುವವರೆಗೆ, ಅವು ಪುಕ್ಕಟೆಯಾಗಿ ಹೋಗುತ್ತವೆ.

ನೇಂದ್ರಗೊನೆ, ನೀರ್ಚಾಲು

ಹಾಗಾದರೆ ನನ್ನ ಪೆಟ್ಟಿಗೆಯನ್ನು ಎಷ್ಟಕ್ಕೆ ಇಳಿಸಬಹುದು? ಐದು ಪ್ಲೈ ಬಿಟ್ಟರೆ ಚಿಪ್ಸ್ ಪುಡಿಯಾಗುತ್ತದೆ ಎಂಬ ಭಯವಿದೆ. ಪೌಚಿನ ಗಾಳಿಯನ್ನು ಪೂರ್ತಿ ತೆಗೆದರೂ ಅದೇ ಗತಿ, ಆ ಗಾಳಿಯೇ ಚಿಪ್ಸಿಗೆ ದಿಂಬು.

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ಗಾಳಿಯನ್ನು ಪೂರ್ತಿ ತೆಗೆಯಬೇಡಿ, ಸೀಲ್ ಮಾಡುವ ಮೊದಲು ಪೌಚನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ಚಿಪ್ಸನ್ನು ಕೂರಿಸಿ, ಮೇಲಿನ ಖಾಲಿ ಭಾಗವನ್ನು ಸ್ವಲ್ಪ ತಗ್ಗಿಸಿ. ನಿಮ್ಮ ಈಗಿನ ಪೆಟ್ಟಿಗೆಯಲ್ಲಿ ಒಂದು ಪೌಚಿಗೆ 1500 ಘನ ಸೆಂಟಿಮೀಟರ್ ಜಾಗವಿದೆ. ಅದು 1200ಕ್ಕೆ ಇಳಿದರೆ ಒಳಗಿನ ಎತ್ತರ 16 ಸೆಂಟಿಮೀಟರ್ ಸಾಕು. 3 ಮಿಲಿಮೀಟರಿನ ಮೂರು ಪ್ಲೈ ರಟ್ಟಿನಲ್ಲಿ ಆ ಪೆಟ್ಟಿಗೆಯ ಹೊರಮೈ 30.6 × 25.6 × 17.2 ಆಗುತ್ತದೆ. ಏರಿಸಿದರೆ 31 × 26 × 18, ಅಂದರೆ 14508 ಘನ ಸೆಂಟಿಮೀಟರ್, 2.9 ಕಿಲೋ. ಮೂರು ಕಿಲೋದ ಸ್ಲ್ಯಾಬಿನಲ್ಲಿ ನಿಮ್ಮ ದರದಂತೆ 285 ರೂಪಾಯಿ, ಜಿಎಸ್‌ಟಿ ಸೇರಿ 336 ರೂಪಾಯಿ 30 ಪೈಸೆ. ಈಗ ಕೊಡುತ್ತಿರುವುದು ಜಿಎಸ್‌ಟಿ ಸೇರಿ 495 ರೂಪಾಯಿ 60 ಪೈಸೆ. ಎತ್ತರದಲ್ಲಿ 17.2ರಿಂದ 18ರವರೆಗೆ ಉಬ್ಬಲು ಜಾಗವೂ ಉಳಿದಿದೆ ಎಂಬುದು ಇದರ ಲಾಭ. ಅದಕ್ಕಿಂತ ಕೆಳಗೆ, 2.5ರ ಸ್ಲ್ಯಾಬಿಗೆ ಇಳಿಸಲು ಹೊರಟರೆ ಒಳಗಿನ ಎತ್ತರ 14 ಸೆಂಟಿಮೀಟರಿನ ಆಸುಪಾಸಿಗೆ ಬರಬೇಕಾಗುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ, ಅಲ್ಲಿ ಚಿಪ್ಸ್ ಖಂಡಿತ ಮುರಿಯುತ್ತದೆ.

ಮೂರು ಪ್ಲೈ ತಾಳುತ್ತದೆಯೇ ಎಂಬುದು ನೀವೇ ಪರೀಕ್ಷಿಸಬೇಕಾದ ಸಂಗತಿ. ಎರಡು ಕಿಲೋ ಚಿಪ್ಸಿನ ಭಾರ ಅದಕ್ಕೆ ಏನೂ ಅಲ್ಲ, ಭಯವಿರುವುದು ಮೇಲೆ ಪೇರಿಸುವ ಬೇರೆಯವರ ಪೆಟ್ಟಿಗೆಗಳಿಂದ. ರಟ್ಟಿನ ಅಲೆಗಳು ಎತ್ತರದ ದಿಕ್ಕಿಗೆ ನಿಂತಿರುವ, ಮೂಲೆಗಳು ಜಜ್ಜಿಹೋಗದ ಹೊಸ ಪೆಟ್ಟಿಗೆಯನ್ನೇ ಬಳಸಿ. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ರಟ್ಟು ಮೆತ್ತಗಾಗುತ್ತದೆ, ಆಗ ಮೂರು ಪ್ಲೈ ಅಪಾಯವೇ.

ಹಾಳೆ ತಟ್ಟೆ, ಮುಳ್ಳೇರಿಯ

ಮನೆಯಲ್ಲಿ ಹಳೆಯ ಅಳತೆಯ ಪೆಟ್ಟಿಗೆಗಳು ರಾಶಿ ಬಿದ್ದಿದ್ದರೆ ಎಸೆಯಬೇಡಿ. ನಾಲ್ಕು ಮೂಲೆಯ ಗೆರೆಗಳನ್ನು ಬೇಕಾದ ಎತ್ತರದವರೆಗೆ ಕತ್ತರಿಸಿ, ಸ್ಕೇಲ್ ಇಟ್ಟು ಗೀರಿ ಮಡಚಿದರೆ ಎತ್ತರ ತಗ್ಗುತ್ತದೆ. ಆದರೆ ಮಡಿಕೆಗಳು ಆಗ ಉದ್ದವಾಗಿ ಒಂದರ ಮೇಲೊಂದು ಏರುತ್ತವೆ. ಹೆಚ್ಚಿದ ಭಾಗವನ್ನು ಕತ್ತರಿಸದಿದ್ದರೆ ಮೇಲೆ ಇನ್ನೊಂದು ದಪ್ಪ ಸೇರಿ, ಉಳಿಸಿದ್ದರಲ್ಲಿ ಒಂದಿಷ್ಟು ಹೋಗುತ್ತದೆ.

ಉಪ್ಪಳ ಗೇಟು

ಎರಡು ಪೆಟ್ಟಿಗೆಯ ಗಿರಾಕಿಗೆ ಒಂದೇ ದೊಡ್ಡ ಪೆಟ್ಟಿಗೆ ಕಳುಹಿಸಿದರೆ ಉಳಿತಾಯವಾಗುವುದು ಖಂಡಿತವಲ್ಲವೇ? ಮೊದಲ ಅರ್ಧ ಕಿಲೋದ 60 ರೂಪಾಯಿ ಒಂದೇ ಸಲ ಬೀಳುತ್ತದೆ.

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ರಟ್ಟನ್ನು ನೋಡಿ ಹೇಳಬೇಕು. ಒಳಗಿನ ಎತ್ತರ 32 ಮಾಡಿ ಇಪ್ಪತ್ತು ಪೌಚು ತುಂಬಿದ ಮೂರು ಪ್ಲೈ ಪೆಟ್ಟಿಗೆ 31 × 26 × 34 ಆಗುತ್ತದೆ, 5.48 ಕಿಲೋ, 5.5ರ ಸ್ಲ್ಯಾಬು, ಜಿಎಸ್‌ಟಿ ಬಿಟ್ಟು 510 ರೂಪಾಯಿ. ಬೇರೆ ಬೇರೆ ಎರಡು ಪೆಟ್ಟಿಗೆಗಳಿಗೆ 570 ಆಗುತ್ತಿತ್ತು. ಆದರೆ ಅಷ್ಟು ಎತ್ತರದ ಪೆಟ್ಟಿಗೆಗೆ ಐದು ಪ್ಲೈ ಬೇಕೆನಿಸಿ ಅದನ್ನು ಹಾಕಿದರೆ 32 × 27 × 35 ಆಗಿ 6.05 ಕಿಲೋ ಬರುತ್ತದೆ. ಆ ಐವತ್ತು ಗ್ರಾಂ ನಿಮ್ಮನ್ನು 6.5ರ ಸ್ಲ್ಯಾಬಿಗೆ ತಳ್ಳಿ 600 ರೂಪಾಯಿ ಮಾಡುತ್ತದೆ, ಎರಡು ಪೆಟ್ಟಿಗೆಗಿಂತಲೂ ಹೆಚ್ಚು.

ನೇಂದ್ರಗೊನೆ, ನೀರ್ಚಾಲು

ಲೆಕ್ಕ ತಿಳಿಯಿತು. ಉಳಿದಿರುವುದು ಈ ಬಿಲ್ಲಿನ ಪ್ರಶ್ನೆ. ಪ್ರತಿ ಬದಿಯನ್ನೂ ಮೇಲಕ್ಕೆ ಏರಿಸುತ್ತೇವೆ ಎಂದು ಒಪ್ಪಂದದ ಹಾಳೆಯಲ್ಲಿ ಎಲ್ಲಿಯೂ ಬರೆದಿಲ್ಲ, ಕೊನೆಯ ತೂಕವನ್ನು ಅರ್ಧ ಕಿಲೋಗೆ ಏರಿಸುತ್ತೇವೆ ಎಂದಷ್ಟೇ ಇದೆ. ಏರಿಸದೆ ನೋಡಿದರೆ ಉಬ್ಬು ಸೇರಿಯೂ 31.4 × 26.4 × 23.3, ಅಂದರೆ 3.86 ಕಿಲೋ, 4 ಕಿಲೋದ ಸ್ಲ್ಯಾಬು. ಈ ಒಂದು ಸ್ಲ್ಯಾಬಿನ 53 ರೂಪಾಯಿ 10 ಪೈಸೆಯನ್ನು ಕೇಳಬಹುದೇ?

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ಕೇಳಬಹುದು, ಆದರೆ ಈ ಪೆಟ್ಟಿಗೆಗೆ ಸಾಕ್ಷಿ ಇಲ್ಲ. ಮುಂದಿನ ಸಲ ಟೇಪು ಹಚ್ಚಿದ ಮೇಲೆ ಮೂರೂ ಬದಿಗಳಿಗೆ ಅಳತೆ ಪಟ್ಟಿ ಹಿಡಿದು, ವಿಳಾಸದ ಚೀಟಿ ಅದೇ ಚಿತ್ರದಲ್ಲಿ ಕಾಣುವಂತೆ ಫೋಟೊ ತೆಗೆಯಿರಿ, ತಕ್ಕಡಿಯ ಮೇಲಿನದೂ ಒಂದಿರಲಿ. ಪಾರ್ಸೆಲುಗಳನ್ನು ವಿಂಗಡಿಸುವ ಅವರ ಹಬ್ಬಿನಲ್ಲಿ ತೆಗೆದ ಅಳತೆಯ ಚಿತ್ರವನ್ನು ಕೇಳಿ. ದೊಡ್ಡ ಹಬ್ಬುಗಳಲ್ಲಿ ಕ್ಯಾಮೆರಾ ಯಂತ್ರವೇ ಅಳೆಯುತ್ತದೆ, ಅದಕ್ಕೆ ಹೊರಗೆ ಚಾಚಿದ ಪ್ಲಾಸ್ಟಿಕ್ ಕವರಿನ ತುದಿಯೂ ಪೆಟ್ಟಿಗೆಯಂತೆಯೇ ಕಾಣುತ್ತದೆ. ನೀವು ಮೇಲೆ ನೀಲಿ ಪ್ಲಾಸ್ಟಿಕ್ ಸುತ್ತುತ್ತೀರಾದರೆ ಅದರ ಕಿವಿಗಳನ್ನು ಮಡಚಿ ಅಂಟಿಸಿ. ಆಕ್ಷೇಪಣೆಗೆ ಕೆಲವೇ ದಿನಗಳ ಗಡುವು ಇರುವುದರಿಂದ ತಿಂಗಳ ಕೊನೆಯ ಬಿಲ್ಲಿಗೆ ಕಾಯಬೇಡಿ.

ಹೊಸಂಗಡಿ ಲಾರಿ ಆಫೀಸು

ಮಾಷ್ಟ್ರ ಮಾತಿಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಯಂತ್ರ ಅಳೆದಿದ್ದರೆ ಅಂಕಿಗಳಲ್ಲಿ ದಶಾಂಶ ಬರಬಹುದಿತ್ತು. ಮೂರೂ ಪೂರ್ಣ ಸಂಖ್ಯೆಗಳಾಗಿರುವುದನ್ನು ನೋಡಿದರೆ ಹುಡುಗರು ಟೇಪು ಹಿಡಿದು ಅಂದಾಜಿನಲ್ಲಿ ಬರೆದಿರುವ ಸಾಧ್ಯತೆಯೂ ಇದೆ. ಹಾಗಿದ್ದರೆ ಚಿತ್ರವೇ ಇರುವುದಿಲ್ಲ.

ಪೆಟ್ಟಿಗೆ ಮಾಷ್ಟ್ರು, ಕುಂಬಳೆ

ಅಂಕಿಯನ್ನು ಏರಿಸುವ ಕೆಲಸವನ್ನು ಬಿಲ್ಲಿನ ತಂತ್ರಾಂಶವೂ ಮಾಡಬಹುದು, ಆದ್ದರಿಂದ ಅಷ್ಟರಿಂದಲೇ ಹೇಳಲಾಗದು. ಚಿತ್ರ ಕೇಳಿದಾಗ ಏನು ಬರುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ನೇಂದ್ರಗೊನೆ, ನೀರ್ಚಾಲು

ಕಾಸರಗೋಡಿನ ಶಾಖೆಗೆ ಇವತ್ತೇ ಮಿಂಚಂಚೆ ಕಳುಹಿಸಿ ಚಿತ್ರವನ್ನೂ, ಬದಿಗಳನ್ನು ಏರಿಸುವ ನಿಯಮ ಎಲ್ಲಿ ಬರೆದಿದೆ ಎಂಬುದನ್ನೂ ಕೇಳಿದ್ದೇನೆ. ಮೂರು ಪ್ಲೈಯ 30 × 25 × 16 ಪೆಟ್ಟಿಗೆ ಸಣ್ಣ ಸಂಖ್ಯೆಯಲ್ಲಿ ಮಂಗಳೂರಿನಲ್ಲಿ ಯಾರಾದರೂ ಮಾಡಿಕೊಡುತ್ತಾರೆಯೇ? ನಾನು ಕೇಳಿದವರು ಐನೂರಕ್ಕಿಂತ ಕಡಿಮೆ ಮಾಡುವುದಿಲ್ಲ ಎನ್ನುತ್ತಿದ್ದಾರೆ.